ಮೂರು ಪಟ್ಟು ಸಾಕಿತ್ತು

ಚಂದ್ರಾ ಲೇಔಟಿನ ಟ್ಯೂಷನ್ನಿನಲ್ಲಿ ಕಂಪನಿ ಕಾಯ್ದೆ ಕಲಿಸುವ ಕಾಂತರಾಜು ಮೇಷ್ಟ್ರು ಕ್ವಿಜ್ ಹಾಳೆ ಹಿಡಿದು ಬಂದರು. ಏನೂ ಓದಿರದ ಬಿಂದುಶ್ರೀ, "ನಾಳೆ ಇಟ್ಕೊಳ್ಳೋಣ ಸಾರ್," ಎಂದು ಹಲ್ಲುಗಿಂಜಿದಳು.

"ಕಂಪನಿ ಸಭೇಲಿ ಮಾಡೋ ಹಾಗೆ ನೀವೆಲ್ಲ ವಿಶೇಷ ನಿರ್ಣಯ ಪಾಸ್ ಮಾಡಿದ್ರೆ ಮುಂದೂಡ್ತೀನಿ. ಕೈ ಎತ್ತಿ."

"ಬರದೇ ಇರೋ ಚೇತನಾ ಪರವಾಗಿ ನಾನೇ ಪ್ರಾಕ್ಸಿ ಸಾರ್."

"ಕೈ ಎತ್ತೋ ಮತದಾನದಲ್ಲಿ ಪ್ರಾಕ್ಸಿಗೆ ಓಟಿಲ್ಲಮ್ಮ."

ಪರವಾಗಿ ಆರು ಕೈ ಎದ್ದವು, ವಿರುದ್ಧ ಎರಡು.

"ಪಾಸಾಯ್ತಾ? ನೀನೇ ಹೇಳು."

ಬಿಂದುಶ್ರೀಯ ಮುಖ ಬಾಡಿತು. "ಇಲ್ಲ ಸಾರ್. ವಿರುದ್ಧ ಬಿದ್ದ ಓಟಿನ ಮೂರು ಪಟ್ಟನ್ನ ಮೀರ್ಬೇಕು."

"ಹೌದಾ? ಹಾಗಾದ್ರೆ ಬರೀರಿ."

ಎಲ್ಲರೂ ಗೊಣಗುತ್ತ ಬರೆದು ಮುಗಿಸಿದ ಮೇಲೆ ಮೇಷ್ಟ್ರು ನಕ್ಕರು. "ಸರಿಯಾಗಿ ಮೂರು ಪಟ್ಟಿದ್ರೂ ಸಾಕು ಕಣಮ್ಮ. ನಿನ್ನ ನಿರ್ಣಯ ಆಗ್ಲೇ ಪಾಸಾಗಿತ್ತು!"

ಅವಳ ಜೊತೆ ಕೈ ಎತ್ತಿದ್ದ ಐವರೂ ಪೆನ್ನು ಕೆಳಗಿಟ್ಟು ಅವಳತ್ತ ತಿರುಗಿದರು.