ಕಣದ ಕಲ್ಲಿನಡಿಯ ಕೆಂಪು ಚೇಳು

ಅಣ್ಣತಮ್ಮಂದಿರ ಮನೆಗಳ ನಡುವೆ ಬೇಲಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಹೇಮಶ್ರೀಯೂ ಅವಳ ಓರಗಿತ್ತಿ ದ್ರಾಕ್ಷಾಯಣಿಯೂ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಹಾಗಂತ ಮಾತೇನೂ ನಿಂತಿರಲಿಲ್ಲ. ಬೈಯುವುದಿದ್ದರೆ ಕೋಳಿಗೆ ಬೈಯುತ್ತಿದ್ದರು, ಚುಚ್ಚುವುದಿದ್ದರೆ ಎರಡೂ ಮನೆಗೆ ಕೂಲಿ ಬರುತ್ತಿದ್ದ ಮುದುಕ ಸುಬ್ಬಯ್ಯನಿಗೆ ಹೇಳುತ್ತಿದ್ದರು. ಹೆಗ್ಗದ್ದೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ ಇದು. ಆ ಎರಡು ಮನೆಯ ಕೋಳಿಗಳು ಊರಿನಲ್ಲೇ ಹೆಚ್ಚು ಬೈಸಿಕೊಂಡ ಕೋಳಿಗಳು ಎಂದು ನಗುತ್ತಿದ್ದರು.

ಜಗಳ ದಾರಿಯದು. ಟಾರು ರಸ್ತೆಯಿಂದ ಬರುವ ಜೀಪುದಾರಿ ಮೊದಲು ಹೇಮಶ್ರೀಯ ಅಂಗಳ ಹಾದು ಆಮೇಲೆ ದ್ರಾಕ್ಷಾಯಣಿಯ ಮನೆಗೆ ಹೋಗುತ್ತಿತ್ತು. ಪಾಲಾದ ಮೇಲೆ ಹೇಮಶ್ರೀಯ ಗಂಡ ಯೋಗೇಶ್ ಅಂಗಳದ ಆ ತುದಿಗೆ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದುಬಿಟ್ಟ. ಅವನ ಅಣ್ಣ ರವಿಚಂದ್ರ ಅಂದಿನಿಂದ ಜೀಪನ್ನು ಹಳ್ಳ ಸುತ್ತಿಸಿ, ಅರ್ಧ ಗಂಟೆ ಹೆಚ್ಚಿಗೆ ಕುಲುಕಿಸಿಕೊಂಡು ಟಾರು ರಸ್ತೆಗೆ ಒಯ್ಯುತ್ತಿದ್ದ. ಬೀಗದ ಕೈ ಯೋಗೇಶನ ಉಡುದಾರದಲ್ಲೇ ಇರುತ್ತಿತ್ತು, ಸ್ನಾನಕ್ಕೆ ಹೋದರೂ.

ಜನವರಿ ತಿಂಗಳು. ಕಣದಲ್ಲಿ ಸಿಪ್ಪೆ ಸಮೇತದ ಚೆರಿ ಕಾಫಿ ಒಣಗುತ್ತಿತ್ತು. ಸಂಜೆ ಇಬ್ಬನಿ ಬೀಳುವ ಮುಂಚೆ ಗುಡ್ಡೆ ಮಾಡಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರುವುದು. ಬೆಳಿಗ್ಗೆ ಬಿಸಿಲೇರಿದ ಮೇಲೆ ಕಲ್ಲು ಎತ್ತಿ ಹರಡುವುದು. ಅವತ್ತು ಯೋಗೇಶ್ ಕಾಫಿ ಮೂಟೆ ಹೇರಿಕೊಂಡು ಮಾರಲು ಆನೇಮಹಲಿಗೆ ಹೋಗಿದ್ದ. ಹೇಮಶ್ರೀ, ಸುಬ್ಬಯ್ಯ ಟಾರ್ಪಾಲು ಬಿಚ್ಚುತ್ತಿದ್ದರು. ನಾಲ್ಕು ವರ್ಷದ ಮಗಳು ಚೈತ್ರಶ್ರೀ ತಾನೂ ಕೆಲಸಗಾರ್ತಿ ಎಂದುಕೊಂಡು ಒಂದು ಸಣ್ಣ ಕಲ್ಲಿಗೆ ಕೈ ಹಾಕಿದಳು.

ಕೂಗು ಗುಡ್ಡಕ್ಕೆ ಬಡಿದು ವಾಪಸು ಬಂತು.

"ಅಮ್ಮಾ, ಬೆಂಕಿ! ಬೆಂಕಿ ಕಣಮ್ಮ!"

ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಗುರುತು. ಸುಬ್ಬಯ್ಯ ಕಲ್ಲು ಮಗುಚಿ, ಚಪ್ಪಲಿಯಿಂದ ಒಂದೇ ಏಟಿಗೆ ಹೊಡೆದ. ಕಿರುಬೆರಳುದ್ದದ ಕೆಂಪು ಚೇಳು.

"ಇಷ್ಟೇನಾ! ಇದು ಮರಿ ಕಣಮ್ಮ. ಹೋದ್ವಾರ ನಿಮಗೆ ಕಡಿದಿದ್ದು ಅಂಗೈಯಗಲ ಕರೀದು. ಇದೇನ್ ಮಾಡ್ತದೆ, ಬುಡಿ. ಹಗ್ಗ ತತ್ತೀನಿ, ತೋಳಿಗೆ ಬಿಗ್ಯಾಗಿ ಕಟ್ಬುಡಾನ. ಮೇಲಕ್ಕೆ ಏರಾಕಿಲ್ಲ."

"ಹಗ್ಗ ಗಿಗ್ಗ ತಂದ್ರೆ ನಿನ್ನ ಕೈಗೇ ಕಟ್ತೀನಿ ಸುಬ್ಬಯ್ಯ. ಕಟ್ಟಬಾರದು, ಕುಯ್ಯಬಾರದು, ಸೊಪ್ಪು ಗಿಪ್ಪು ಅರೆದು ಬಡೀಬಾರದು," ಎಂದಳು ಹೇಮಶ್ರೀ.

ಅವಳಿಗೆ ಅದು ಗೊತ್ತಿತ್ತು. ಎಂಟು ದಿನದ ಹಿಂದೆ ಸೌದೆ ಎಳೆಯುವಾಗ ಕರಿಚೇಳು ಅವಳ ಹೆಬ್ಬೆರಳಿಗೆ ಕುಟುಕಿತ್ತು. ಭುಜದವರೆಗೆ ಸಿಡಿಲು ಹೊಡೆದಂತಾಗಿ, ಬೆರಳು ಜೋಮು ಹಿಡಿದು, ಮುಟ್ಟಿದರೂ ತನ್ನದಲ್ಲ ಅನ್ನಿಸಿತ್ತು. ಅವತ್ತು ಬೇಲಿಯಾಚೆ ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆಯುಟ್ಟ ದ್ರಾಕ್ಷಾಯಣಿ ಕೋಳಿಗೆ ಕಾಳು ಚೆಲ್ಲುತ್ತ, "ಸೋಪು ಹಾಕಿ ತೊಳ್ಕೊಂಡು, ಐಸನ್ನ ಬಟ್ಟೇಲಿ ಸುತ್ತಿ ಹತ್ತು ನಿಮಿಷ ಇಟ್ಟು ಹತ್ತು ನಿಮಿಷ ತೆಗೆದು, ಕೈ ಆಡಿಸದೆ ಒಂದು ಪ್ಯಾರಾಸಿಟಮಾಲ್ ನುಂಗಿ ಬಿದ್ಕಳೋದು ಬಿಟ್ಟು ಕೆಲವು ಕೋಳಿ ಕುಣೀತವೆ," ಎಂದು ಬೈದಿದ್ದಳು. ಹೇಮಶ್ರೀ ಕಿವಿಗೆ ಬಿದ್ದಿದ್ದನ್ನೆಲ್ಲ ಹಾಗೇ ಮಾಡಿದ್ದಳು. ಮಾರನೇ ದಿನ ಸಂಜೆಗೆ ನೋವು ಇಳಿದು, ಜೋಮು ಮಾತ್ರ ಒಂದಿಷ್ಟು ಉಳಿದು, ಅದೂ ಹೋಯಿತು. ಕೋಳಿಗೆ ಹೇಳಿದ ಮಾತಿಗೆ ಋಣ ಇಲ್ಲವಲ್ಲ.

ಈಗಲೂ ಅದನ್ನೇ ಮಾಡಿದಳು. ಮಗುವಿನ ಕೈ ಊದುವ ಮುಂಚೆ ಬಳೆ ತೆಗೆದಳು. ಸೋಪಿನ ನೀರಲ್ಲಿ ತೊಳೆದಳು. ಜಗಲಿಯ ನೆರಳಲ್ಲಿ ಕೂರಿಸಿ, ಫ್ರಿಜ್ಜಿನ ಐಸನ್ನು ಟವೆಲಿನಲ್ಲಿ ಸುತ್ತಿ ಬೆರಳಿಗಿಟ್ಟಳು.

ಕೂಗು ಕೇಳಿ ದ್ರಾಕ್ಷಾಯಣಿ ಗೇಟಿನ ಹತ್ತಿರ ಬಂದು ನಿಂತಿದ್ದಳು. ನೋಡಿದ್ದು ಹೇಮಶ್ರೀಯನ್ನಲ್ಲ, ಮುದುಕನನ್ನು.

"ಸುಬ್ಬಯ್ಯ, ಹೊಡೆದ ಹುಳ ಎತ್ತಿ ತೋರಿಸು."

ಸುಬ್ಬಯ್ಯ ಕಡ್ಡಿಯಲ್ಲಿ ಎತ್ತಿ ತೋರಿಸಿದ. ಅವಳ ಮುಖ ಬಿಗಿದುಕೊಂಡಿತು.

"ದೊಡ್ಡೋರಿಗಾದ್ರೆ ಮನೇಲೇ ಆಯ್ತದೆ ಸುಬ್ಬಯ್ಯ. ಕೂಸಿಗಲ್ಲ. ಚೇಳು ಸಣ್ಣದಾದಷ್ಟೂ ಕೆಟ್ಟದು, ಅದರಲ್ಲೂ ಕೆಂಪಿಂದು. ಮಗೂನ ಈಗಿಂದೀಗ್ಲೇ ಆಸ್ಪತ್ರೆಗೆ ತಗಂಡು ಹೋಗ್ಬೇಕು. ನಮ್ಮ ಜೀಪು ನಿಂತೈತೆ. ಗೇಟು ತೆಗೆದ್ರೆ ಮುಕ್ಕಾಲು ಗಂಟೇಲಿ ಸಕಲೇಶಪುರ."

ಗೇಟು! ಹೇಮಶ್ರೀ ಅತ್ತ ಬೆನ್ನು ತಿರುಗಿಸಿದಳು. ಹದಿನಾಲ್ಕು ತಿಂಗಳು ಪಂಚಾಯಿತಿ, ಸರ್ವೆಯವರು ಎಲ್ಲ ಬಂದು ಹೋದರೂ ತೆಗೆಸಲಾಗದ ಗೇಟನ್ನು ಮಗುವಿನ ಬೆರಳು ತೋರಿಸಿ ತೆಗೆಸಲು ಬಂದಿದ್ದಾಳೆ. ಒಮ್ಮೆ ಜೀಪು ಹಾದರೆ ಸಾಕು, ದಾರಿ ನಮ್ಮದೇ ಎಂದು ನಾಳೆ ಊರೆಲ್ಲ ಸಾರುತ್ತಾಳೆ.

"ಸುಬ್ಬಯ್ಯ, ಕೆಲವರಿಗೆ ಯಾರ ಮನೆ ಹೆಣದ ಮೇಲಾದ್ರೂ ಸರಿ, ಜೀಪು ಓಡಿಸೋ ಆಸೆ. ನನ್ನ ಮಗೀನ ನಾನು ನೋಡ್ಕತೀನಿ ಅಂತ ಹೇಳು."

"ನಾನ್ಯಾಕೆ ಹೇಳ್ಲಿ, ಅವರಿಗೇ ಕೇಳ್ತಲ್ಲ," ಎಂದು ಸುಬ್ಬಯ್ಯ ಗೊಣಗಿದ.

ಇಪ್ಪತ್ತು ನಿಮಿಷ ಕಳೆಯಿತು. ಆಮೇಲೆ ಚೈತ್ರಶ್ರೀ ಅಳು ನಿಲ್ಲಿಸಿದಳು. "ಉರಿ ಹೋಯ್ತಾ ಪುಟ್ಟಿ?" ಎಂದರೆ ತಲೆಯಾಡಿಸಿದಳು. ಹೇಮಶ್ರೀಗೆ ಗೆದ್ದಷ್ಟು ಖುಷಿಯಾಯಿತು. ಬೇಲಿಯ ಕಡೆ ತಿರುಗಿ ಸ್ವಲ್ಪ ಜೋರಾಗಿಯೇ, "ನೋಡ್ದಾ ಸುಬ್ಬಯ್ಯ, ವಿಷ ಇಳೀತು! ಎಲ್ಲಿ ಹೋದ್ರೋ ಡಾಕ್ಟರಮ್ಮ?" ಎಂದಳು.

ದ್ರಾಕ್ಷಾಯಣಿ ಎಲ್ಲಿಗೂ ಹೋಗಿರಲಿಲ್ಲ. ಗೇಟಿನ ಸರಳು ಹಿಡಿದು ಮಗುವನ್ನೇ ನೋಡುತ್ತಿದ್ದಳು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಬಾಯಿಂದ ಹೆಸರು ಬಂತು.

"ಏ ಹೇಮಾ! ನನ್ನ ಮಕ ನೋಡ್ಬೇಡ, ಉಗೀಬೇಕಾದ್ರೆ ಆಮೇಲೆ ಉಗಿ. ಮಗೀನ ಪಾದ ಮುಟ್ಟಿ ನೋಡೆ."

ಆ ಹೆಸರು ಕೇಳಿಯೇ ಹೇಮಶ್ರೀಯ ಕೈ ತಾನಾಗಿ ಮಗುವಿನ ಪಾದಕ್ಕೆ ಹೋಯಿತು. ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಇನ್ನೊಂದು ಪಾದವೂ ಹಾಗೇ. ಬೆನ್ನ ಮೇಲಿನ ಫ್ರಾಕು ಹಿಂಡಿದರೆ ನೀರು ಬರುವಷ್ಟು ಬೆವರಿತ್ತು, ಆ ಚಳಿಯಲ್ಲಿ, ನೆರಳಿನಲ್ಲಿ. ತುಟಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಮಗುವಿನ ಎದೆ ಕೈಗೆ ಸಿಕ್ಕ ಹಕ್ಕಿಯ ಎದೆಯಂತೆ ಬಡಿಯುತ್ತಿತ್ತು. ಅವಳು ಎತ್ತಿಕೊಳ್ಳುವಷ್ಟರಲ್ಲಿ ಮಗು ವಾಂತಿ ಮಾಡಿತು.

"ಅಯ್ಯೋ..."

"ನೋವು ಹೋಗಿಲ್ಲ ಕಣೆ, ವಿಷ ಮೈಯೆಲ್ಲ ಸೇರ್ಕಂಡೈತೆ! ಬಾಯಿಗೆ ನೀರು ಬಿಡಬೇಡ. ಒಂದು ಮಗ್ಗುಲಿಗೆ ಮಲಗ್ಸು. 108ಕ್ಕೆ ಮಾಡ್ದೆ, ಗಾಡಿ ಬರಾಕೆ ಒಂದು ಗಂಟೆ ಅಂದ್ರು."

ಹೇಮಶ್ರೀ ಗಂಡನಿಗೆ ಫೋನು ಮಾಡಿದಳು. ಒಂದೇ ಉಸಿರಲ್ಲಿ ಹೇಳಿದಳು.

"ಸಣ್ಣ ಚೇಳಿಗೆ ಅಷ್ಟ್ಯಾಕೆ ಬಡ್ಕತೀಯ?" ಎಂದ ಯೋಗೇಶ್. "ಮೂಟೆ ತೂಕ ಆಗ್ತೈತೆ. ಒಂದು ಗಂಟೇಲಿ ಬತ್ತೀನಿ. ಅವನ ಜೀಪು ಮಾತ್ರ ನಮ್ಮ ಅಂಗಳಕ್ಕೆ ಬಿಟ್ಟೀಯಾ, ಹುಷಾರ್. ಗೇಟು ಮುಟ್ಟಿದ್ರೆ ನಾನೇನ್ ಮಾಡ್ತೀನೋ ನಂಗೇ ಗೊತ್ತಿಲ್ಲ."

ಫೋನನ್ನು ಅವಳು ಇಡಲಿಲ್ಲ, ಕಾಫಿ ರಾಶಿಯ ಮೇಲೆ ಎಸೆದಳು. ಮಗುವನ್ನು ಸುಬ್ಬಯ್ಯನ ತೋಳಿಗೆ ಕೊಟ್ಟು, ಟಾರ್ಪಾಲಿನ ಅಂಚಿನಿಂದ ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ಕಾಲಿನಿಂದ ಉರುಳಿಸಿ ನೋಡಿ, ಎರಡೂ ಕೈಯಲ್ಲಿ ಎತ್ತಿಕೊಂಡಳು. ಬೀಗ ಮೊದಲ ಏಟಿಗೆ ಬಗ್ಗಲಿಲ್ಲ. ಎರಡನೆಯದಕ್ಕೂ ಇಲ್ಲ. ಆಚೆಯಿಂದ ದ್ರಾಕ್ಷಾಯಣಿ, "ಬೀಗಕ್ಕಲ್ಲ ಕಣೆ, ಕೊಂಡಿಗೆ ಹೊಡಿ! ಗಂಡ ಹೆಂಡ್ತಿ ಇಬ್ರಿಗೂ ಬುದ್ಧಿ ಅಷ್ಟೇ!" ಎಂದು ಕಿರುಚಿದಳು. ಆ ಸಿಟ್ಟಿನಲ್ಲಿ ಬಿದ್ದ ಏಟಿಗೆ ಕೊಂಡಿ ಕಿತ್ತು ಬಂತು.

ರವಿಚಂದ್ರ ಆಗಲೇ ಜೀಪು ಚಾಲೂ ಮಾಡಿ ಗೇಟಿನ ಬಳಿಗೆ ತಂದಿದ್ದ. ಹಿಂದಿನ ಸೀಟಿನಲ್ಲಿ ಮಗುವಿನ ತಲೆ ಹೇಮಶ್ರೀಯ ತೊಡೆಯ ಮೇಲೆ, ಕಾಲು ದ್ರಾಕ್ಷಾಯಣಿಯ ತೊಡೆಯ ಮೇಲೆ. ಮತ್ತೆ ವಾಂತಿಯಾದಾಗ ದ್ರಾಕ್ಷಾಯಣಿ ಮಗುವಿನ ಮುಖ ಪಕ್ಕಕ್ಕೆ ತಿರುಗಿಸಿ ಬಾಯಿ ಒರೆಸಿದಳು. ಉಸಿರು ಎಣಿಸುತ್ತಿದ್ದಳು.

"ನೀನು ಸಾಯ್ತಿದ್ರೂ ನಾನು ಬರ್ತಿರಲಿಲ್ಲ, ತಿಳ್ಕೋ," ಎಂದಳು ಒಂದು ತಿರುವಿನಲ್ಲಿ. "ಇದು ನಮ್ಮನೆ ಕೂಸು, ಅದಕ್ಕೆ."

"ಗೊತ್ತೈತೆ," ಎಂದಳು ಹೇಮಶ್ರೀ.

ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಪಾದ ಮುಟ್ಟಿ, ನಾಡಿ ಹಿಡಿದು, ಮಾತಾಡುವ ಮುಂಚೆಯೇ ನರ್ಸಿಗೆ ಆಕ್ಸಿಜನ್ ಹಾಕಲು ಕೈ ಮಾಡಿದರು. ಯಾವ ಬಣ್ಣದ ಚೇಳು, ಎಷ್ಟು ಹೊತ್ತಿಗೆ ಕಡಿಯಿತು ಎಂದು ಕೇಳಿದರು. ಹೇಮಶ್ರೀ ತಡವರಿಸಿದಳು. ದ್ರಾಕ್ಷಾಯಣಿ ಗಂಟೆ ನಿಮಿಷ ಎಲ್ಲ ಹೇಳಿದಳು. ಆದರೆ ಮನೆಯಲ್ಲಿ ಕಳೆದ ಇಪ್ಪತ್ತು ನಿಮಿಷದ ಜಗಳದ ಸುದ್ದಿ ಎತ್ತಲಿಲ್ಲ.

"ಅಳು ನಿಂತಿತು, ವಿಷ ಇಳೀತು ಅಂದ್ಕೊಂಡೆ ಸಾರ್," ಎಂದಳು ಹೇಮಶ್ರೀ ತಾನಾಗಿಯೇ.

"ಎಲ್ಲರೂ ಅಲ್ಲೇ ಮೋಸ ಹೋಗೋದಮ್ಮ. ನೋವಿಗಿಂತ ಬೆವರು, ವಾಂತಿ, ತಣ್ಣನೆ ಕೈಕಾಲು, ಏದುಸಿರು, ಇವನ್ನ ನೋಡಬೇಕು. ಸಣ್ಣ ಮಗುವಿಗೆ ಯಾವ ಚೇಳು ಕಡಿದ್ರೂ ಕಾಯಬಾರದು, ಇವೆಲ್ಲ ಶುರುವಾಗೋ ಮುಂಚೆಯೇ ತರಬೇಕು. ಹೃದಯ ತುಂಬ ಜೋರಾಗಿ ಓಡ್ತಿದೆ. ಇನ್ನೂ ತಡವಾಗಿದ್ರೆ ಶ್ವಾಸಕೋಶಕ್ಕೆ ನೀರು ತುಂಬಿಕೊಳ್ತಿತ್ತು. ಪ್ರಾಜೋಸಿನ್ ಅಂತ ಮಾತ್ರೆ ಕೊಡ್ತೀವಿ. ಕೈಕಾಲು ಬಿಸಿಯಾಗೋವರೆಗೂ ಮೂರು ಗಂಟೆಗೊಂದ್ಸಲ. ಮಗೂನ ಎಬ್ಬಿಸಿ ಕೂರಿಸಬೇಡಿ, ಮಲಗಿಯೇ ಇರಲಿ."

ಮಧ್ಯಾಹ್ನಕ್ಕೆ ಯೋಗೇಶ್ ಬಂದ. ವಾರ್ಡಿನ ಬಾಗಿಲಲ್ಲೇ, "ಗೇಟು ಮುರಿದೋರ್ಯಾರು?" ಎಂದ. ಅಣ್ಣನ ಕಡೆ ನೋಡಿ ಮೀಸೆ ತಿರುವಿದ.

"ನಾನು," ಎಂದಳು ಹೇಮಶ್ರೀ. "ಮಗಳು ಹೆಂಗವ್ಳೆ ಅಂತ ಕೇಳಾಕೆ ನಿಮಗೆ ಬಾಯಿ ಬರಲಿಲ್ಲವಾ?"

ಅವನು ಆಗ ಮಂಚದ ಕಡೆ ನೋಡಿದ. ಆಕ್ಸಿಜನ್ ಕೊಳವೆ ಹಾಕಿಕೊಂಡು ಮಲಗಿದ್ದ ಮಗಳನ್ನು ನೋಡಿ ಗೋಡೆಗೆ ಒರಗಿದ. ಅಣ್ಣತಮ್ಮಂದಿರು ಒಂದೇ ಬೆಂಚಿನ ಎರಡು ತುದಿಯಲ್ಲಿ, ಎರಡು ದಿಕ್ಕಿಗೆ ಮುಖ ಮಾಡಿ ಕೂತರು. ಹೇಮಶ್ರೀ ಪಾದದ ಮೇಲಿಟ್ಟ ಕೈ ತೆಗೆಯಲಿಲ್ಲ. ಎರಡನೇ ಸಲ ಮಾತ್ರೆ ಕೊಟ್ಟು ಒಂದು ಗಂಟೆಯಾದ ಮೇಲೆ, ಹೆಬ್ಬೆರಳಿನ ಬುಡದಲ್ಲಿ ಬೆಚ್ಚಗಾದ ಹಾಗಾಯಿತು. ನಿಜವೋ ಭ್ರಮೆಯೋ ತಿಳಿಯದೆ ದ್ರಾಕ್ಷಾಯಣಿಯ ಕಡೆ ನೋಡಿದಳು. ದ್ರಾಕ್ಷಾಯಣಿ ಬಂದು ಇನ್ನೊಂದು ಪಾದ ಮುಟ್ಟಿದಳು. ತುಂಬ ಹೊತ್ತು ಮುಟ್ಟಿಕೊಂಡೇ ನಿಂತಳು.

"ಹೂಂ," ಎಂದಳು. ಅಷ್ಟೇ.

ಎರಡು ದಿನದ ಮೇಲೆ ಮಗು ಮನೆಗೆ ಬಂತು. ಅಷ್ಟರಲ್ಲಿ ಯೋಗೇಶ್ ಗೇಟಿಗೆ ಹೊಸ ಕೊಂಡಿ ಬೆಸುಗೆ ಹಾಕಿಸಿ, ಹೊಸ ಬೀಗ ಹಾಕಿದ್ದ. ಹೇಮಶ್ರೀ ಜಗಳವಾಡಲಿಲ್ಲ. ಅವನು ನಿದ್ದೆ ಹೋದ ಮಧ್ಯಾಹ್ನ ಉಡುದಾರದಿಂದ ಬೀಗದ ಕೈ ಬಿಚ್ಚಿಕೊಂಡು ಬೀಗ ತೆಗೆದು, ಎರಡನ್ನೂ ಬಾವಿಗೆ ಹಾಕಿದಳು.

ಮಾರನೇ ಬೆಳಿಗ್ಗೆ ಕಣದಲ್ಲಿ ಅವಳು ಕಡ್ಡಿಯಿಂದ ಒಂದೊಂದೇ ಕಲ್ಲು ಮಗುಚುತ್ತಿದ್ದಳು. ಬೇಲಿಯಾಚೆ ಕಾಳು ಚೆಲ್ಲುವ ಸದ್ದು ಕೇಳಿತು.

"ಏ ಹುಂಜ, ಈಗಲಾದ್ರೂ ಕಲ್ಲನ್ನ ಕಡ್ಡೀಲಿ ಮಗುಚಾಕೆ ಬುದ್ಧಿ ಬಂತಲ್ಲ ಕೆಲವರಿಗೆ."

ಹೇಮಶ್ರೀ ತನ್ನ ಹೇಂಟೆಯ ಕಡೆ ತಿರುಗಿದಳು.

"ಲೇ, ಗೇಟಿಗೆ ಬೀಗ ಇಲ್ಲ ಅಂತ ಜೀಪು ಹಗಲೂ ರಾತ್ರಿ ಓಡಿಸೀರಿ ಮತ್ತೆ! ನನ್ನ ಕಾಫಿ ಮೇಲೆ ಚಕ್ರ ಹತ್ತಿದ್ರೆ ಕಾಲು ಮುರೀತೀನಿ!"