ಫೋನ್ ಕತ್ತರಿಸುವ ಪಾಠ

ಬ್ಯಾಂಕಿನ ಕ್ಯಾಷ್ ಕೌಂಟರಿನಿಂದ ನಿವೃತ್ತಳಾದರೂ ತಂಗಿಗೆ ಲೋಕವನ್ನು ತಿದ್ದುವ ಚಟ ಹೋಗಿರಲಿಲ್ಲ. ಹಿರಿಯರಿಗೆ ಮೊಬೈಲಿನಲ್ಲಿ ಹಣ ಕಳಿಸುವುದನ್ನು ಕಲಿಸಲು ವಾಚನಾಲಯದಲ್ಲಿ ಒಂದು ದಿನದ ಶಿಬಿರ ಹೂಡಿ, ಅದರ ಪಾಠಯೋಜನೆಯನ್ನೂ ತಾನೇ ಬರೆದಳು. ಲೋಕೋದ್ಧಾರವೆಲ್ಲ ನೆಪ. ಅವಳಿಗೆ ಉದ್ಧಾರವಾಗಬೇಕಿದ್ದವಳು ತನ್ನ ಅಕ್ಕ ಒಬ್ಬಳೇ.

ಅಕ್ಕ ಹಳೆಯ ಸೋಫಾ ಮಾರಲು ಹೋಗಿ ಮೋಸಹೋಗಿದ್ದಳು. ಕೊಳ್ಳುವವನು ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ" ಎಂದಿದ್ದ. ದುಡ್ಡು ಹೋಯಿತು, ಸೋಫಾ ಉಳಿಯಿತು. ಅಂದಿನಿಂದ ಅವಳ ಫೋನು ಅಳಿಯನ ಜೇಬು ಸೇರಿತ್ತು. ಮಂಡಿನೋವಿನ ಮುಲಾಮಿಗೂ ಅವನ ಮುಂದೆ ಕೈಚಾಚಬೇಕಿತ್ತು. ತಂಗಿಗೆ ಇದನ್ನು ನೋಡಲಾಗಲಿಲ್ಲ. ಶಿಬಿರದ ಹೆಸರಿನಲ್ಲಿ ಫೋನನ್ನು ಸಂಜೆಯವರೆಗೆ ಬಿಡಿಸಿಕೊಂಡು ಬಂದಿದ್ದಳು.

ಬೆಳಗಿನ ಪಾಠ ಸುಸೂತ್ರವಾಗಿ ನಡೆಯಿತು. ಹಣ ಪಡೆಯಲು ಪಿನ್ ಬೇಕಿಲ್ಲ, ಕಳಿಸುವ ಮುನ್ನ ಪರದೆಯ ಮೇಲಿನ ಹೆಸರು ಓದಬೇಕು, ಪಿನ್, ಓಟಿಪಿಯನ್ನು ಬ್ಯಾಂಕಿನವರು ಕೇಳಿದರೂ ಕೊಡಬಾರದು. ಎಲ್ಲರೂ ಮಗ್ಗಿಯಂತೆ ಒಪ್ಪಿಸಿದರು.

ಟೀ ಆದ ಮೇಲೆ ತಂಗಿ ಹೊರಗೆ ನಿಂತು, ವಾಚನಾಲಯದ ಫೋನಿನಿಂದ, ಮೂಗು ಹಿಡಿದುಕೊಂಡು, ಒಳಗೆ ಕೂತಿದ್ದ ನಿವೃತ್ತ ಪೋಸ್ಟ್‌ಮಾಸ್ತರರಿಗೆ ಪರೀಕ್ಷೆಗೆಂದು ಕರೆ ಮಾಡಿದಳು.

"ಸರ್, ಬ್ಯಾಂಕಿಂದ. ಪಿನ್ ಹೇಳ್ದಿದ್ರೆ ನಿಮ್ಮ ಕಾರ್ಡ್ ಬಂದ್ ಆಗುತ್ತೆ. ನನ್ನ ಕೆಲಸನೂ ಹೋಗುತ್ತೆ."

"ಹೇಳಬಾರದಂತಮ್ಮ, ಬೇಜಾರು ಮಾಡ್ಕೋಬೇಡ," ಎಂದವರು, ಅವಳು ಬಿಕ್ಕಿದಾಗ ಕರಗಿ ಮೊದಲ ಎರಡು ಅಂಕಿ ಹೇಳಿಯೇಬಿಟ್ಟರು.

ತಂಗಿ ಒಳಗೆ ನುಗ್ಗಿದಳು. "ಏನ್ ಸ್ವಾಮಿ ಇದು?"

"ಅರ್ಧ ತಾನೇ ಹೇಳಿದ್ದು?"

"ಫೋನ್ ಯಾಕೆ ಇಡಲಿಲ್ಲ?"

"ಮಾತಾಡ್ತಾ ಇರೋರ ಮುಖದ ಮೇಲೆ ಇಡೋದು ಮರ್ಯಾದೆನಾ?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ಹಿಂದಿನ ಸಾಲಿನಿಂದ ಅಕ್ಕ ಮೆಲ್ಲಗೆ, "ಸೋಫಾದವನೂ ಮೊದಲು ಊಟ ಆಯ್ತಾಮ್ಮ ಅಂತ ಕೇಳ್ದ ಕಣೇ. ಹಾಗೆ ಕೇಳಿಸ್ಕೊಂಡು ಎಷ್ಟೋ ದಿನ ಆಗಿತ್ತು" ಎಂದಳು.

ತಂಗಿ ಅಕ್ಕನ ಮನೆಗೆ ಹೋದಾಗಲೆಲ್ಲ ಬುದ್ಧಿ ಹೇಳಿದ್ದೇ ಹೊರತು ಊಟದ ವಿಷಯ ಕೇಳಿದ್ದಿಲ್ಲ. ಯೋಜನೆಯ ಹಾಳೆ ಮಡಚಿಟ್ಟಳು.

"ಈಗಿಂದ ಒಂದೇ ಪಾಠ, ಒರಟುತನ. ನಾನು ಫೋನ್ ಮಾಡಿ ಮಾತು ಶುರು ಮಾಡ್ತೀನಿ, ನೀವು ನಡುವೆ ಕಟ್ ಮಾಡ್ಬೇಕು. ಕ್ಷಮೆ ಕೇಳಿದ್ರೆ ಫೇಲು."

ಪೋಸ್ಟ್‌ಮಾಸ್ತರರು ಎರಡು ಸಲ "ಸಾರಿ" ಎಂದು ಫೇಲಾದರು. ಅಕ್ಕನ ಸರದಿಯಲ್ಲಿ ತಂಗಿ ಕರುಣೆ ತೋರಲಿಲ್ಲ. ಮಂಡಿನೋವು ಹೇಗಿದೆ, ಊಟ ಆಯ್ತಾ, ಎಲ್ಲ ಕೇಳಿದಳು. ಅಕ್ಕ ಕಣ್ಣೊರೆಸಿಕೊಂಡು ಕೇಳುತ್ತಲೇ ಇದ್ದಳು, ಬೆರಳು ಮಾತ್ರ ಕೆಂಪು ಗುಂಡಿಯ ಮೇಲೇ ನಿಂತಿತ್ತು. ಒತ್ತಲಾಗಲಿಲ್ಲ.

ಸಂಜೆ ವಾಚನಾಲಯದ ಪಕ್ಕದ ಔಷಧಿ ಅಂಗಡಿಯಲ್ಲಿ ಅಕ್ಕ ಕೋಡ್ ಸ್ಕ್ಯಾನ್ ಮಾಡಿ, ಮೂಡಿದ ಹೆಸರು ಸರಿಯೇ ಎಂದು ಅಂಗಡಿಯವನನ್ನು ವಿಚಾರಿಸಿ, ಬೆನ್ನು ತಿರುಗಿಸಿ ಪಿನ್ ಒತ್ತಿ ಮುಲಾಮು ಕೊಂಡಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಳಿಯ.

"ಅತ್ತೆ, ಶಿಬಿರ ಮುಗೀತಲ್ಲ, ಫೋನ್ ತಗೊಂಡು ಹೋಗೋಕೆ ಬರ್ತೀನಿ. ನಿಮ್ಮ ಒಳ್ಳೇದಕ್ಕೇ ನಾನು ಹೇಳೋ—"

ಅಕ್ಕ ಕೆಂಪು ಗುಂಡಿ ಒತ್ತಿದಳು. ಕ್ಷಮೆ ಕೇಳಲಿಲ್ಲ.