ಮುಚ್ಚಿದ ಅಂಗಡಿಯ ಭರ್ಜರಿ ವ್ಯಾಪಾರ

ಗುಂಡಿಯಕ್ಕನ ಅಂಗಡಿ ಮುಚ್ಚಿ ಎಂಟು ವರ್ಷವಾಗಿತ್ತು. ಶರ್ಟಿನ ಗುಂಡಿ, ಕೋಟಿನ ಗುಂಡಿ, ಹುಕ್ಕು, ಜಿಪ್ಪು, ದಾರದ ಉಂಡೆ ಮಾರುತ್ತಿದ್ದ ಎಂಟಡಿ ಅಗಲದ ಆ ಕೋಣೆಯಲ್ಲಿ ಈಗ ಸಲೂನು ಇದೆ. ಅಂಗಡಿ ಹೋದರೂ ಹೆಸರು ಮಾತ್ರ ಅವಳಿಗೆ ಅಂಟಿಕೊಂಡೇ ಇತ್ತು. ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಚ್ಚಿಕೊಟ್ಟು ಅವಳೂ ಆ ಹೆಸರನ್ನು ಬಿಡದೆ ಸಾಕಿಕೊಂಡಿದ್ದಳು.

ಅಂಗಡಿ ಯಾಕೆ ಮುಚ್ಚಿದೆ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ. "ವ್ಯಾಪಾರ ಭರ್ಜರಿಯಾಗೇ ಇತ್ತು, ನನಗೇ ಬೇಜಾರಾಯ್ತು." ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ. ನಿಜವನ್ನು ಮುಖಕ್ಕೇ ಹೇಳಿದವನು ಅವಳ ಅಣ್ಣ ಒಬ್ಬನೇ, ಎರಡು ಬೀದಿ ಆಚೆಯ ದರ್ಜಿ. ಗಿರಾಕಿಗಳ ಎದುರೇ ಅವನು "ಇದು ಅಂಗಡಿ ಅಲ್ಲ ಕಣೇ, ಮಕ್ಕಳಾಟ. ನಷ್ಟದ ಮೇಲೆ ನಷ್ಟ. ಮುಚ್ಚು!" ಅಂದಿದ್ದ. ಅವಳು ಮುಚ್ಚಿದಳು. ಉಳಿದ ಮಾಲನ್ನೆಲ್ಲ ಅವನಿಗೇ ಬಿಲ್ಲು ಹಾಕಿ ಮಾರಿದಳು, ಅಷ್ಟೇ ಅಲ್ಲ, ಮಾತನ್ನೂ ಬಿಟ್ಟಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂಟು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದರು. ಹಟ ಅಂದರೆ ಹಟ, ಇಬ್ಬರಿಗೂ ಸಮಸಮ ಪಾಲು.

ಒಂದು ಬೆಳಿಗ್ಗೆ ಸಲೂನಿನವನು ಕತ್ತರಿ ಹಿಡಿದುಕೊಂಡೇ ಓಡಿಬಂದ.

"ಅಕ್ಕಾ, ನಿನ್ನ ಹೆಸರಲ್ಲಿ ನೋಟಿಸು! ನನ್ನ ಬಾಗಿಲಿಗೆ ಅಂಟಿಸಿ ಹೋದ್ರು! ಮಾರಾಟ ತೆರಿಗೆ ಇಲಾಖೆಯವರಂತೆ. ಅಂಚೆಯಲ್ಲಿ ಕಳ್ಸಿದ್ದು ವಾಪಸ್ ಹೋಯ್ತಂತೆ, ಅದಕ್ಕೇ ಅಂಟಿಸೋದಂತೆ. ಇಬ್ಬರು ಸಾಕ್ಷಿ ಬೇಕು ಅಂದ್ರು, ಒಂದು ಸಹಿ ನಾನು ಹಾಕ್ದೆ. ಇನ್ನೊಬ್ಬನಿಗೆ ಅರ್ಧ ಗಡ್ಡ ಆಗಿತ್ತು, ಸೋಪಿನ ಕೈಯಲ್ಲೇ ಸಹಿ ಹಾಕ್ದ."

ಹುಷಾರಾಗಿ ಬಿಡಿಸಿ ತಂದಿದ್ದ ಕಾಗದದ ಮೂಲೆಯಲ್ಲಿ ಸೋಪಿನ ಕಲೆ ಇತ್ತು. ಗುಂಡಿಯಕ್ಕ ಕನ್ನಡಕ ಏರಿಸಿ ಓದಿದಳು. ಸದರಿ ವರ್ತಕರು ಮೂರು ವರ್ಷ ಲೆಕ್ಕಪತ್ರ ಸಲ್ಲಿಸದೇ ಇದ್ದುದರಿಂದ, ಅವರ ಕೊನೆಯ ವಹಿವಾಟಾದ ನಾಲ್ಕು ಲಕ್ಷದ ಮೇಲೆ ವರ್ಷಕ್ಕೆ ಶೇಕಡಾ ಹತ್ತರಂತೆ ಏರಿಸಿ, ಮೊದಲ ವರ್ಷಕ್ಕೆ ನಾಲ್ಕು ಲಕ್ಷ ನಲವತ್ತು ಸಾವಿರ, ಎರಡನೆಯ ವರ್ಷಕ್ಕೆ ನಾಲ್ಕು ಲಕ್ಷ ಎಂಬತ್ತನಾಲ್ಕು ಸಾವಿರ, ಮೂರನೆಯ ವರ್ಷಕ್ಕೆ ಐದು ಲಕ್ಷ ಮೂವತ್ತೆರಡು ಸಾವಿರದ ನಾನೂರು...

"ಅಯ್ಯೋ ನನ್ನಪ್ಪಾ!" ಎಂದು ಕೂಗಿ ಕೂತಲ್ಲಿಂದ ಎದ್ದೇಬಿಟ್ಟಳು. "ನೋಡೋ, ನೋಡೋ! ಐದೂವರೆ ಲಕ್ಷ ಮುಟ್ತಾ ಇತ್ತು ನನ್ನ ವ್ಯಾಪಾರ! ಸರ್ಕಾರವೇ ಬರ್ಕೊಟ್ಟಿದೆ, ಸೀಲು ಹಾಕಿ!"

"ಅಕ್ಕಾ, ಆಗ ಅಲ್ಲಿ ನಾನು ತಲೆ ಬೋಳಿಸ್ತಾ ಇದ್ದೆ."

"ನೀನು ಬೋಳಿಸು, ಯಾರು ಬೇಡ ಅಂದ್ರು? ನನ್ನ ಅಂಗಡಿ ಬೆಳೀತಾ ಇತ್ತು!"

ಸತ್ತ ಎಮ್ಮೆಗೆ ಹಾಲು ಜಾಸ್ತಿ ಅಂತಾರಲ್ಲ, ಇಲ್ಲಿ ಹಾಲಿನ ಜೊತೆ ತುಪ್ಪವೂ ಸುರಿದಿತ್ತು. ಅವಳು ಬೀದಿಯಲ್ಲಿ ಸಿಕ್ಕ ನಾಲ್ಕು ಮನೆಯವರಿಗೆ ಓದಿ ಹೇಳಿದಳು. ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅವಳೂ ಜೊತೆಗೆ ನಕ್ಕಳು. ಐದನೆಯ ಮನೆಯಲ್ಲಿ ತೆರಿಗೆ ಸಲಹೆಗಾರ ಇದ್ದ. ಅವನು ನಗಲಿಲ್ಲ, ಕಾಗದ ತಿರುಗಿಸಿ ಹಿಂದಿನ ಪುಟ ತೋರಿಸಿದ.

"ಇದನ್ನ ಓದಿದ್ರಾ? ಶೇಕಡಾ ಐದರ ಲೆಕ್ಕದಲ್ಲಿ ತೆರಿಗೆ ಎಪ್ಪತ್ತೆರಡು ಸಾವಿರದ ಎಂಟುನೂರಾ ಇಪ್ಪತ್ತು. ಮೇಲೆ ಬಡ್ಡಿ, ಅದರ ಮೇಲೆ ದಂಡ."

ಗುಂಡಿಯಕ್ಕ ಕಾಗದ ಕಿತ್ತುಕೊಂಡು ನೋಡಿದಳು. "ಮಾರದೇ ಇದ್ದ ಗುಂಡಿಗೆ ತೆರಿಗೆನಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತಲ್ಲ!"

"ಅವರ ಪುಸ್ತಕದಲ್ಲಿ ನಿಮ್ಮ ನೋಂದಣಿ ಇನ್ನೂ ಜೀವಂತ ಇದೆ. ನೋಂದಣಿ ಇದ್ದು ಲೆಕ್ಕ ಕೊಡದಿದ್ರೆ ಅವರೇ ಅಂದಾಜು ಮಾಡ್ತಾರೆ. ತಪಾಸಣೆಯವರು ಯಾರೋ ಆಕ್ಷೇಪ ಎತ್ತಿರ್ಬೇಕು. ಆ ತೆರಿಗೆ ಹೋಗಿ ಹೊಸದು ಬಂದಿರಬಹುದು, ಹಳೇ ವರ್ಷಗಳ ಲೆಕ್ಕ ಹಾಗೇ ಉಳಿದಿರುತ್ತೆ. ಕಾಲಮಿತಿ ಮುಗಿಯೋಕೆ ತಿಂಗಳು ಬಾಕಿ, ಅದಕ್ಕೇ ಈ ಅವಸರ. ಆದರೆ ಇದಿನ್ನೂ ಪ್ರಸ್ತಾವ ಅಷ್ಟೇ, ಆದೇಶ ಅಲ್ಲ. ಹದಿನೈದು ದಿನದಲ್ಲಿ ಆಕ್ಷೇಪಣೆ ಕೊಡ್ಬೇಕು. ನೋಂದಣಿ ರದ್ದು ಮಾಡಿ ಅಂತ ಆಗ ಅರ್ಜಿ ಕೊಟ್ಟಿದ್ರಾ?"

"ಕೊಟ್ಟೆ! ಪ್ರಮಾಣಪತ್ರವನ್ನೂ ವಾಪಸ್ ಕೊಟ್ಟೆ. ನಕಲಿನ ಮೇಲೆ ಸೀಲು ಒತ್ತಿಸ್ಕೊಂಡೆ."

"ಆಮೇಲೆ ಆ ಕಚೇರಿ ಎರಡಾಯ್ತು. ನಿಮ್ಮ ಕಡತ ಹೊಸ ಕಚೇರಿಗೆ ಬಂತು, ಅರ್ಜಿ ಹಳೇದ್ರಲ್ಲೇ ಉಳಿದಿರ್ಬೇಕು. ಆ ನಕಲು ತನ್ನಿ, ಸಾಕು. ಇಲ್ಲದಿದ್ರೆ..." ಅವನು ನೋಟಿಸಿಗೆ ಲಗತ್ತಿಸಿದ್ದ ಹಳೇ ನೋಂದಣಿ ಹಾಳೆಯ ನಕಲು ನೋಡಿದ. "ನಿಮಗೆ ಜಾಮೀನು ಹಾಕಿದೋರು ನಿಮ್ಮ ಅಣ್ಣ ಅಲ್ವಾ? ಜಾಮೀನಿನ ಮೊತ್ತದವರೆಗೆ ಅವರನ್ನೂ ಹಿಡೀತಾರೆ."

ಅಣ್ಣ! ಮಾತು ಬಿಡುವುದು ಬೇರೆ, ಒಡಹುಟ್ಟಿದವನ ಹೊಲಿಗೆ ಯಂತ್ರದ ಮೇಲೆ ಜಪ್ತಿ ಬರುವುದು ಬೇರೆ.

ಆ ನಕಲು ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಸಂಕಟವಿದ್ದದ್ದು ಅಲ್ಲೇ. ಗುಂಡಿ ಅಂಗಡಿಯಲ್ಲಿ ಮಾದರಿ ರಟ್ಟು ಅಂತ ಇರುತ್ತದೆ. ಯಾವ್ಯಾವ ಗುಂಡಿ ಇದೆ ಎಂದು ಗಿರಾಕಿಗೆ ತೋರಿಸಲು ಒಂದೊಂದನ್ನು ರಟ್ಟಿಗೆ ಸಾಲಾಗಿ ಹೊಲಿದಿಡುತ್ತಾರೆ. ಅರ್ಜಿ ಕೊಟ್ಟು ಬಂದ ದಿನ, ಅದರ ನಕಲಿನಲ್ಲಿದ್ದ ಒಂದು ಸಾಲು ತನ್ನ ಕಣ್ಣಿಗೇ ಬೀಳಬಾರದು ಎಂದು ಗುಂಡಿಯಕ್ಕ ಕಾಗದವನ್ನು ರಟ್ಟಿಗೆ ಅಂಟಿಸಿ, ಮೇಲೆ ಐದು ಸಾಲು ಗುಂಡಿ ಹೊಲಿದುಬಿಟ್ಟಿದ್ದಳು. ಬೇರೆ ಯಾರಾದರೂ ಆಗಿದ್ದರೆ ಕಾಗದ ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಿದ್ದರು. ಇವಳ ಕೈಗೆ ಗೊತ್ತಿದ್ದ ಬೀಗ ಗುಂಡಿಯೇ. ಮರುದಿನ ಮಾಲು ಸಾಗಿಸುವ ಗಡಿಬಿಡಿಯಲ್ಲಿ ಆ ರಟ್ಟೂ ಅಣ್ಣನ ಗಾಡಿ ಹತ್ತಿತ್ತು. ವಾಪಸ್ ಕೊಡು ಎಂದು ಕೇಳಲು ಬಾಯಿ ಬೇಕಲ್ಲ, ಅದನ್ನು ಇವಳು ಹೊಲಿದುಕೊಂಡಿದ್ದಳು.

ಮೂರು ದಿನ ಒದ್ದಾಡಿ ನಾಲ್ಕನೆಯ ದಿನ ಅಣ್ಣನ ಅಂಗಡಿಯ ಮೆಟ್ಟಿಲು ಹತ್ತಿದಳು. ರಟ್ಟು ಯಂತ್ರದ ಮೇಲಿನ ಗೋಡೆಯಲ್ಲೇ ನೇತಾಡುತ್ತಿತ್ತು. ಒಂದು ಗುಂಡಿಯೂ ಕಿತ್ತಿರಲಿಲ್ಲ, ಒಂದರ ಮೇಲೂ ಧೂಳಿರಲಿಲ್ಲ.

ಅಣ್ಣ ಪೆಡಲ್ ತುಳಿಯುವುದನ್ನು ನಿಲ್ಲಿಸಿದ. ಅವಳು ಗೋಡೆ ನೋಡಿಕೊಂಡೇ ಹೇಳಿದಳು. "ಆ ರಟ್ಟು ಬೇಕಿತ್ತು. ತೆರಿಗೆ ಕಚೇರಿಗೆ."

"ಗೊತ್ತು. ಸಲೂನಿನವನ ಬಾಯಿ ಸುಮ್ನೆ ಇರುತ್ತಾ? ನಾನೂ ಬರ್ತೀನಿ."

"ಬೇಡ! ನಾನೊಬ್ಳೇ ಹೋಗ್ತೀನಿ."

"ಜಾಮೀನಿಗೆ ಸಹಿ ಹಾಕಿದ್ದು ನಾನೋ, ನಿನ್ನ ಸಲೂನಿನವನೋ?" ಎಂದು ಅವನು ಚಪ್ಪಲಿ ಮೆಟ್ಟಿದ. ಗುಂಡಿಯಕ್ಕ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದಳು. ರಟ್ಟು ತೋರಿಸದಿದ್ದರೆ ಅಣ್ಣನಿಗೆ ನಷ್ಟ, ತೋರಿಸಿದರೆ ಅಣ್ಣನ ಎದುರು ತನ್ನ ಮಾನ.

ಕಚೇರಿಯಲ್ಲಿ ಟಪಾಲು ಗುಮಾಸ್ತ ಆಕ್ಷೇಪಣೆಯ ಪತ್ರ ತೆಗೆದುಕೊಂಡ, ಸೀಲು ಒತ್ತಿದ. ಅದರ ಜೊತೆಗಿನ ಲಗತ್ತು ನೋಡಿ ಕುರ್ಚಿ ಹಿಂದಕ್ಕೆ ಸರಿಸಿದ.

"ಏನ್ರೀ ಇದು? ಐವತ್ತು ಗುಂಡಿ ಇದೆ!"

"ಅರವತ್ತು," ಎಂದಳು ಗುಂಡಿಯಕ್ಕ. ವ್ಯಾಪಾರದ ಮರ್ಯಾದೆ ಅಂತ ಒಂದಿದೆ.

"ಕಡತಕ್ಕೆ ಗುಂಡಿ ಹಾಕೋ ನಿಯಮ ಇಲ್ಲ ಕಣಮ್ಮ. ಮೇಡಂ ಹತ್ರ ಹೋಗಿ."

ಅಧಿಕಾರಿ ಮೇಡಂ ರಟ್ಟನ್ನು ಮೇಲೆ ಕೆಳಗೆ ತಿರುಗಿಸಿದರು. ಒಂದು ಗುಂಡಿಯನ್ನು ಬೆರಳಲ್ಲಿ ಮುಟ್ಟಿ "ಇಂಥದ್ದೇ ಒಂದು ನನ್ನ ಕೋಟಿಂದ ಬಿದ್ದುಹೋಗಿದೆ," ಎಂದರು.

"ತಗೊಳ್ಳಿ ಮೇಡಂ!"

"ಸುಮ್ನಿರಿ! ಒಂದು ಗುಂಡಿ ತಗೊಂಡ್ರೂ ಲಂಚವೇ." ಮೇಡಂ ನಗು ನುಂಗಿಕೊಂಡರು. "ಸೀಲು, ತಾರೀಖು, ಟಪಾಲು ಸಂಖ್ಯೆ ಕಾಣ್ಬೇಕು. ಹಳೇ ಕಚೇರಿಯ ವಹಿಯಲ್ಲಿ ತಾಳೆ ನೋಡಿಸ್ತೀನಿ. ಗುಂಡಿ ಬಿಚ್ಚಿ."

"ಕೆಳಗಿನ ಎರಡು ಸಾಲು ಬಿಚ್ಚಿದ್ರೆ ಸಾಕು ಮೇಡಂ, ಸೀಲು ಅಲ್ಲೇ ಇದೆ," ಎಂದು ಗುಂಡಿಯಕ್ಕ ಅವಸರದಿಂದ ಹೇಳಿದಳು.

"ಅರ್ಧ ದಾಖಲೆ ನಾನು ಒಪ್ಪೋದಿಲ್ಲ. ಎಲ್ಲಾ ಬಿಚ್ಚಿ."

ದರ್ಜಿಯ ಜೇಬಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಇಲ್ಲದ ದಿನ ಉಂಟೇ? ಅಣ್ಣ ಅಲ್ಲೇ ನಿಂತು ಚಕಚಕನೆ ಕತ್ತರಿಸಿದ. ಗುಂಡಿಗಳು ಟಪಟಪ ಮೇಜಿನ ಮೇಲೆ ಉದುರಿದವು. ಕೆಲವು ಉರುಳಿ ಕಡತಗಳ ಅಡಿಗೆ ಹೋದವು, ಟಪಾಲು ಗುಮಾಸ್ತ ಮಂಡಿಯೂರಿ ಹುಡುಕಿದ, ಪಕ್ಕದ ಮೇಜಿನವರೂ ಬಗ್ಗಿದರು. ಆ ಕಚೇರಿಯಲ್ಲಿ ಅಷ್ಟು ಜನ ಒಟ್ಟಿಗೆ ಕೆಲಸ ಮಾಡಿದ್ದು ಅದೇ ಮೊದಲಿರಬೇಕು. ಗುಂಡಿಯಕ್ಕ ಮಾತ್ರ ಕಣ್ಣು ಮುಚ್ಚಿ ನಿಂತಿದ್ದಳು.

ಮೇಡಂ ಗಟ್ಟಿಯಾಗಿ ಓದಿದರು. "ಸ್ವೀಕೃತಿ ಸೀಲು ಇದೆ. ಸಂಖ್ಯೆ ಇದೆ. ವ್ಯಾಪಾರ ನಿಲ್ಲಿಸಿದ ದಿನಾಂಕ ಇದೆ. ಉಳಿದ ಮಾಲಿನ ವಿವರ ಇದೆ. ವ್ಯಾಪಾರ ನಿಲ್ಲಿಸಲು ಕಾರಣ..." ಅವರು ಕನ್ನಡಕ ಸರಿಮಾಡಿಕೊಂಡರು. "'ಸತತ ನಷ್ಟ. ನನ್ನ ಅಣ್ಣ ಹೇಳಿದ್ದೇ ಸರಿ.'"

ಅಣ್ಣನ ಕೈಯಲ್ಲಿ ಕತ್ತರಿ ಹಾಗೇ ನಿಂತಿತು.

"ಮೇಡಂ," ಎಂದ ಅವನು, "ಇನ್ನೊಂದ್ಸಲ ಓದಿ."

"ಓದ್ಬೇಡಿ!" ಎಂದು ಗುಂಡಿಯಕ್ಕ ಕಿರುಚಿದಳು. "ಸುಳ್ಳು ಬರೆದ್ರೆ ಶಿಕ್ಷೆ ಅಂತ ಕೆಳಗೆ ಅಚ್ಚು ಹಾಕಿದ್ರು, ಅದಕ್ಕೇ ನಿಜ ಬರೆದೆ!"

ಗುಮಾಸ್ತ ಮೇಜಿನಡಿಯಿಂದಲೇ ಕಿಸಕ್ಕನೆ ನಕ್ಕ. ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಮೇಡಂ ಹೇಳಿದರು. "ವಹಿಯಲ್ಲಿ ತಾಳೆಯಾದ್ರೆ, ಸ್ಥಳ ತಪಾಸಣೆ ವರದಿಯೂ ಬಂದ್ರೆ ಪ್ರಸ್ತಾವ ಕೈಬಿಡ್ತೀನಿ. ಆ ದಿನಾಂಕದಿಂದಲೇ ನೋಂದಣಿ ರದ್ದು. ಆದೇಶ ಬರೆದು ಕಳಿಸ್ತೀನಿ."

ಮೂರು ವಾರಕ್ಕೆ ಆದೇಶ ಬಂತು. ಹೊಸ ವಿಳಾಸ ಬರೆದುಕೊಡುವುದನ್ನು ಆ ಗದ್ದಲದಲ್ಲಿ ಇವಳು ಮರೆತಿದ್ದಳಲ್ಲ, ಈ ಸಲವೂ ಅದು ನೆಟ್ಟಗೆ ಸಲೂನಿಗೇ ಹೋಯಿತು. ಸಲೂನಿನವನು ಮತ್ತೆ ಕತ್ತರಿ ಹಿಡಿದು ಓಡಿದ. ಗುಂಡಿಯಕ್ಕ ಮನೆಯಲ್ಲಿರಲಿಲ್ಲ. ಅಣ್ಣನ ಅಂಗಡಿಯಲ್ಲಿ ಕೂತು, ಅರವತ್ತು ಗುಂಡಿಗಳನ್ನು ಹೊಸ ರಟ್ಟಿಗೆ ಹೊಲಿಯುತ್ತಿದ್ದಳು. ಅರವತ್ತಲ್ಲ, ಐವತ್ತೊಂಬತ್ತು. ಒಂದು ಇನ್ನೂ ಸರ್ಕಾರದ ಕಪಾಟಿನ ಅಡಿಯಲ್ಲಿತ್ತು.

ಗೋಡೆಯ ಹಳೇ ಮೊಳೆಗೆ ಅಣ್ಣ ಆ ಐದು ಲಕ್ಷದ ನೋಟಿಸು ತೂಗುಹಾಕಿದ್ದ. "ಇರ್ಲಿ. ನನ್ನ ತಂಗಿ ಅಂಗಡಿಯ ಮೇಲೆ ನನಗಿಲ್ಲದ ನಂಬಿಕೆ ಸರ್ಕಾರಕ್ಕಿತ್ತು," ಎಂದ. ಅವಳು ನಗುತ್ತ ದಾರ ಕಚ್ಚಿದಳು.

ಅವನು ಯಂತ್ರದ ಮೇಲೆ ಬಗ್ಗಿ, ಬಟ್ಟೆ ಸರಿಮಾಡುವವನಂತೆ ಕೇಳಿದ. "ಆಗ ನಿಜವಾಗ್ಲೂ ಎಷ್ಟು ನಷ್ಟ ಆಗಿತ್ತೇ?"

ಮುಚ್ಚು ಅಂದವನು ಅಂದು ಇದನ್ನು ಕೇಳಿರಲಿಲ್ಲ. ಬೇರೆ ಯಾರೂ ಕೇಳಿರಲಿಲ್ಲ. ಗುಂಡಿಯಕ್ಕನ ಕಣ್ಣು ತುಂಬಿ ಸೂಜಿಯ ತೂತು ಕಾಣದಾಯಿತು.

"ತುಂಬಾ ಆಗಿತ್ತು ಕಣೋ ಅಣ್ಣಾ," ಎಂದಳು. "ತುಂಬಾ."

ಅವನು ಸೂಜಿ ಇಸಿದುಕೊಂಡು, ದಾರ ಪೋಣಿಸಿ ಅವಳ ಕೈಗೆ ಕೊಟ್ಟ.